ಸತತ 9 ಲಾಸ್: ಸಿಸ್ಟಮ್ ಕೆಟ್ಟಿದೆಯಾ, ಇಲ್ಲ ಇದು ಮಾಮೂಲಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಿಫ್ಟಿ ಆಪ್ಷನ್ ಬೈಯಿಂಗ್ ಮಾಡುತ್ತೇನೆ. ದಿನಕ್ಕೆ ಒಂದೇ ಟ್ರೇಡ್, ಸೆಟಪ್ ಬರದಿದ್ದರೆ ಅದೂ ಇಲ್ಲ. ಹೀಗಾಗಿ ವರ್ಷಕ್ಕೆ ಸುಮಾರು 200 ಟ್ರೇಡ್ ಆಗುತ್ತವೆ. ಶುರು ಮಾಡುವ ಮೊದಲು ಹಳೆಯ ಬೆಲೆಗಳ ಮೇಲೆ 120 ಟ್ರೇಡ್‌ಗಳ ಬ್ಯಾಕ್‌ಟೆಸ್ಟ್ ಮಾಡಿದ್ದೆ. ನೂರಕ್ಕೆ 45 ಗೆಲುವು ಬಂದಿತ್ತು. ಸೋತಾಗ ಹೋಗುವ ದುಡ್ಡಿನ 1.6 ಪಟ್ಟು ಗೆದ್ದಾಗ ಬರುತ್ತದೆ.

ಕ್ಯಾಪಿಟಲ್ 3 ಲಕ್ಷ. ಎರಡು ಲಾಟ್ ತಗೊಳ್ಳುತ್ತೇನೆ. ಸ್ಟಾಪ್ ಲಾಸ್ ಹೊಡೆದರೆ 9,000 ಹೋಗುತ್ತದೆ, ಅಂದರೆ 3 ಪರ್ಸೆಂಟ್. 2-3 ಪರ್ಸೆಂಟ್ ಸೇಫ್ ಅಂತ ಎಲ್ಲ ಕಡೆ ಕೇಳಿದ್ದೆ.

ಈಗ ಸತತ ಒಂಬತ್ತು ಸಲ ಸ್ಟಾಪ್ ಹೊಡೆದಿದೆ. ನಿಯಮ ಎಲ್ಲೂ ಮುರಿದಿಲ್ಲ. ಸಿಸ್ಟಮ್ ಕೆಟ್ಟಿದೆಯಾ, ಇಲ್ಲ ಇಷ್ಟು ಲಾಸ್ ಸಾಲಾಗಿ ಬರುವುದು ಸಹಜವಾ? ಮುಂದುವರಿಸುವುದಾದರೆ ಎಷ್ಟು ಲಾಟ್?

ಗಣಿತಪ್ರಿಯ
ಲೆಕ್ಕ ಸುಲಭ ಇದೆ. ಸೋಲುವ ಸಾಧ್ಯತೆ 0.55. ಒಂಬತ್ತು ಸಲ ಸತತ ಸೋಲಲು 0.55ನ್ನು ಒಂಬತ್ತು ಸಲ ಗುಣಿಸಿ. 0.0046 ಬರುತ್ತದೆ, ಅಂದರೆ 217ಕ್ಕೆ ಒಂದು. ಇಷ್ಟು ಅಪರೂಪದ್ದು ನಿಮಗೇ ಆಗಿದೆ ಅಂದರೆ 45 ಅನ್ನೋದೇ ಸುಳ್ಳು. ನಿಲ್ಲಿಸಿ.

ಬೆಣ್ಣೆದೋಸೆ
ಆಪ್ಷನ್ ಬೈಯಿಂಗ್ ಅಂದಾಗಲೇ ಉತ್ತರ ಸಿಕ್ಕಿತು 😄

ಹಳೇಮರ
ಗಣಿತಪ್ರಿಯ ಅವರೇ, ಗುಣಾಕಾರ ಸರಿ ಇದೆ, ಆದರೆ ಪ್ರಶ್ನೆ ಬೇರೆ. "ನಾಳೆಯಿಂದ ಮಾಡುವ ಒಂಬತ್ತೂ ಟ್ರೇಡ್ ಸೋಲುತ್ತೇನಾ?" ಅಂತ ಕೇಳಿದ್ದರೆ 217ಕ್ಕೆ ಒಂದು ಅನ್ನೋದು ಉತ್ತರ. ತುಂಗಾತೀರ ಅವರು ಕೇಳುತ್ತಿರುವುದು, ವರ್ಷದ 200 ಟ್ರೇಡ್‌ಗಳ ನಡುವೆ ಎಲ್ಲಾದರೂ ಒಂದು ಕಡೆ ಒಂಬತ್ತರ ಸಾಲು ಬರಬಹುದಾ ಅಂತ. ಸಾಲು ಜನವರಿಯಲ್ಲೂ ಶುರುವಾಗಬಹುದು, ಆಗಸ್ಟ್‌ನಲ್ಲೂ ಆಗಬಹುದು. ಬಂದ ಮೇಲೆ ಅದೊಂದನ್ನೇ ಬೆರಳಿಟ್ಟು ತೋರಿಸಿ "ನೋಡಿ ಎಷ್ಟು ಅಪರೂಪ" ಅನ್ನುವುದು ಸರಿಯಲ್ಲ.

ಗಣಿತಪ್ರಿಯ
ಒಪ್ಪಿದೆ. ಹಾಗಾದರೆ 200 ಟ್ರೇಡ್‌ನಲ್ಲಿ ಒಂಬತ್ತರ ಸಾಲು ಶುರುವಾಗಬಹುದಾದ ಜಾಗ 192. 192 × 0.0046 = 0.88. ಈಗ 88 ಪರ್ಸೆಂಟ್ ಆಯಿತಲ್ಲ! ಒಂದು ಕಡೆ ಅರ್ಧ ಪರ್ಸೆಂಟ್, ಇನ್ನೊಂದು ಕಡೆ 88. ಯಾವುದನ್ನು ನಂಬೋಣ?

ಹಳೇಮರ
ಎರಡನ್ನೂ ಬೇಡ. 192 ಜಾಗಗಳಲ್ಲಿ ಒಂದೇ ಸಾಲನ್ನು ಹಲವು ಸಲ ಎಣಿಸುತ್ತಿದ್ದೀರಿ. ಹನ್ನೆರಡು ಸತತ ಸೋಲು ಬಂತು ಅನ್ನಿ. ಅದರೊಳಗೆ ನಿಮ್ಮ ಲೆಕ್ಕಕ್ಕೆ ಒಂಬತ್ತರ ಸಾಲು ನಾಲ್ಕು ಸಿಗುತ್ತವೆ. ಆದರೆ ಟ್ರೇಡರ್‌ಗೆ ಆಗಿದ್ದು ಒಂದೇ ಏಟು.

ಸಾಲು ಶುರುವಾಗಬೇಕಾದರೆ ಅದರ ಹಿಂದಿನ ಟ್ರೇಡ್ ಗೆಲುವಾಗಿರಬೇಕು. ಇಲ್ಲದಿದ್ದರೆ ಅದು ಹಳೆಯ ಸಾಲಿನ ಮುಂದುವರಿಕೆ ಅಷ್ಟೇ. ಆದ್ದರಿಂದ ಮೊದಲ ಜಾಗವನ್ನು ಬಿಟ್ಟು ಉಳಿದ 191 ಜಾಗಗಳನ್ನು 0.45ರಿಂದ ಗುಣಿಸಿ. ಸುಮಾರು 86 ಬರುತ್ತದೆ. ಮೊದಲ ಜಾಗಕ್ಕೆ ಹಿಂದೆ ಏನೂ ಇಲ್ಲ, ಅದನ್ನು ಪೂರ್ತಿ ಒಂದು ಅಂತ ಸೇರಿಸಿ, 87. ಈಗ 87 × 0.0046 = 0.40. ವರ್ಷಕ್ಕೆ ಸರಾಸರಿ 0.4 ಸಾಲು ಬರುತ್ತದೆ ಅಂತ ಇದರ ಅರ್ಥ. ಕೆಲವು ವರ್ಷ ಎರಡು ಬರುತ್ತವೆ, ಜಾಸ್ತಿ ವರ್ಷ ಒಂದೂ ಬರುವುದಿಲ್ಲ. ಕನಿಷ್ಠ ಒಂದಾದರೂ ಬರುವ ಸಾಧ್ಯತೆ ಬೇಕಿದ್ದರೆ 1 − e^(−0.40). ಹತ್ತಿರ ಹತ್ತಿರ 33 ಪರ್ಸೆಂಟ್.

ಮೂರು ವರ್ಷಕ್ಕೊಮ್ಮೆ. ಸಿಸ್ಟಮ್ ಒಂದಿಷ್ಟೂ ಕೆಡದೆ.

ಕೋಡ್‌ಕಾಫಿ
ಅಂದಾಜು ಬೇಡ ಅನ್ನೋರಿಗೆ ನಿಖರ ಲೆಕ್ಕ ಇಲ್ಲಿದೆ. ಈಗ ಎಷ್ಟು ಸತತ ಸೋಲಿನಲ್ಲಿದ್ದೀರಿ ಅನ್ನೋದನ್ನು ಪ್ರತಿ ಟ್ರೇಡ್‌ಗೂ ಮುಂದಕ್ಕೆ ತಳ್ಳುತ್ತಾ ಹೋಗುತ್ತದೆ.

```python
def streak(n, k, p):
    q = 1 - p
    s = [1.0] + [0.0] * (k - 1)
    hit = 0.0
    for _ in range(n):
        hit += s[-1] * q
        s = [sum(s) * p] + [x * q for x in s[:-1]]
    return hit

print(streak(200, 9, 0.45))
```

0.335 ಬರುತ್ತದೆ. ಹಳೇಮರ ಅವರ ಕೈಲೆಕ್ಕ ಚೆನ್ನಾಗಿಯೇ ಇದೆ. 1,000 ಟ್ರೇಡ್, 12ರ ಸಾಲು ಅಂತ ಹಾಕಿದರೆ 0.29. ಐದು ವರ್ಷ ಇದೇ ಕೆಲಸ ಮಾಡಿದರೆ ಹನ್ನೆರಡು ಸತತ ಸೋಲು ನೋಡುವ ಸಾಧ್ಯತೆ ನೂರಕ್ಕೆ 29.

ಗಣಿತಪ್ರಿಯ
ಸರಿ, ಹಿಂದಿನ ಟ್ರೇಡ್ ಗೆಲುವಾಗಿರಬೇಕು ಅನ್ನೋದು ಹೊಳೆದಿರಲಿಲ್ಲ. ಆದರೂ 33 ಪರ್ಸೆಂಟ್ ಅಂದರೆ ಮೂರರಲ್ಲಿ ಎರಡು ಪಾಲು ಬರಬಾರದು ಅಂತ ತಾನೇ. ಅನುಮಾನ ಪಡೋದರಲ್ಲಿ ತಪ್ಪೇನಿದೆ?

ಪೆವಿಲಿಯನ್ ಪಾಪಣ್ಣ
ಇದೆಲ್ಲಾ ಟಾಸ್ ಇದ್ದ ಹಾಗೇ ಗುರು. 2023ರ ವಿಶ್ವಕಪ್ ಫೈನಲ್‌ನಿಂದ ಶುರುವಾಗಿ ಭಾರತ ಏಕದಿನದಲ್ಲಿ ಸತತ 20 ಟಾಸ್ ಸೋತಿತ್ತು. ರೋಹಿತ್ ಸೋತರು, ಗಿಲ್ ಸೋತರು. ಕೊನೆಗೆ 2025ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ಕೆ.ಎಲ್. ರಾಹುಲ್ ಎಡಗೈಯಲ್ಲಿ ನಾಣ್ಯ ಚಿಮ್ಮಿ ಗೆದ್ದರು. ಹತ್ತು ಲಕ್ಷಕ್ಕೆ ಒಂದು ಚಾನ್ಸ್ ಅಂತ ಎಲ್ಲ ಕಡೆ ಓಡಾಡಿತು. ತುಂಗಾತೀರ ಅವರೂ ಎಡಗೈಯಲ್ಲಿ ಬೈ ಒತ್ತಲಿ.

ಕೋಡ್‌ಕಾಫಿ
😂 ಅಲ್ಲೂ ಅದೇ ಗೊಂದಲ ಪಾಪಣ್ಣ. ಹತ್ತು ಲಕ್ಷಕ್ಕೆ ಒಂದು ಅನ್ನೋದು "ಈ ತಂಡ, ಈ ದಿನದಿಂದ, 20 ಟಾಸ್" ಅಂತ ಮೊದಲೇ ಹೇಳಿದ್ದರೆ ಮಾತ್ರ. ಇದುವರೆಗೆ ಐದು ಸಾವಿರದ ಹತ್ತಿರ ಏಕದಿನ ಪಂದ್ಯ ಆಗಿವೆ. ಪ್ರತಿ ಟಾಸ್‌ಗೂ ಎರಡು ತಂಡ. ಅಷ್ಟರಲ್ಲಿ ಯಾವುದಾದರೂ ತಂಡಕ್ಕೆ ಯಾವಾಗಲಾದರೂ 20ರ ಸಾಲು ಬರುವ ಸಾಧ್ಯತೆ ಹಾಕಿ ನೋಡಿ, 200ಕ್ಕೆ ಒಂದರ ಆಸುಪಾಸು. ಅಪರೂಪವೇ, ಆದರೆ ಹತ್ತು ಲಕ್ಷಕ್ಕೆ ಒಂದಲ್ಲ.

ಪೆವಿಲಿಯನ್ ಪಾಪಣ್ಣ
ಟಾಸ್ ಸೋತೂ ಚಾಂಪಿಯನ್ಸ್ ಟ್ರೋಫಿ ಗೆದ್ದರಲ್ಲ, ಅದನ್ನೂ ಹೇಳಿ.

ಶರಾವತಿ_ಎಸ್
ಟಾಸ್ ಸೋತರೆ ದುಡ್ಡು ಹೋಗಲ್ಲ, ಇಲ್ಲಿ ಹೋಗುತ್ತೆ. ಮೂಲ ಪ್ರಶ್ನೆಗೆ ಬನ್ನಿ. ಗಣಿತಪ್ರಿಯ ಅವರು ಅನುಮಾನ ಪಡೋದರಲ್ಲಿ ತಪ್ಪೇನು ಅಂತ ಕೇಳಿದರು. ತಪ್ಪಿಲ್ಲ, ಆದರೆ ಈ ಸಾಲು ಆ ಅನುಮಾನ ಬಗೆಹರಿಸುವುದಿಲ್ಲ. ಇವರ ನಿಜವಾದ ಗೆಲುವು 45 ಅಲ್ಲ, 40 ಅಂತ ಇಟ್ಟುಕೊಳ್ಳಿ. ಆಗ ವರ್ಷದಲ್ಲಿ ಒಂಬತ್ತರ ಸಾಲು ಬರುವ ಸಾಧ್ಯತೆ 55-56 ಪರ್ಸೆಂಟ್ ಆಗುತ್ತೆ. 33 ಎಲ್ಲಿ, 55 ಎಲ್ಲಿ ಅನ್ನಿಸಬಹುದು. ಆದರೆ ಒಂದು ಸಾಲು ನೋಡಿ ಯಾವ ಸಿಸ್ಟಮ್‌ನಿಂದ ಬಂತು ಅಂತ ಹೇಳೋಕೆ ಈ ವ್ಯತ್ಯಾಸ ಸಾಲದು. ಒಳ್ಳೆ ಸಿಸ್ಟಮ್‌ಗೂ ಬರುತ್ತೆ, ಕೆಟ್ಟದ್ದಕ್ಕೆ ಸ್ವಲ್ಪ ಜಾಸ್ತಿ ಬರುತ್ತೆ, ಅಷ್ಟೇ.

ನನಗೆ ಭಯ ಇರೋದು 120 ಟ್ರೇಡಿನ ಬ್ಯಾಕ್‌ಟೆಸ್ಟ್ ಮೇಲೆ. 120ರಲ್ಲಿ 45 ಪರ್ಸೆಂಟ್ ಬಂತು ಅಂದರೆ ನಿಜವಾದ ಸಂಖ್ಯೆ ಅದಕ್ಕಿಂತ 9 ಮೇಲೂ ಇರಬಹುದು, 9 ಕೆಳಗೂ ಇರಬಹುದು. ಅಂದರೆ 36ರಿಂದ 54. ಗೆದ್ದಾಗ 1.6 ಪಟ್ಟು ಬರುವ ಸಿಸ್ಟಮ್‌ಗೆ 38.5 ದಾಟಿದರೆ ಮಾತ್ರ ಲಾಭ. ಅದಕ್ಕಿಂತ ಕೆಳಗೆ ಎಷ್ಟೇ ಸಣ್ಣ ಸೈಜ್ ಮಾಡಿದರೂ ನಿಧಾನವಾಗಿ ಕರಗೋದೇ. ನಿಮ್ಮ ಬ್ಯಾಕ್‌ಟೆಸ್ಟ್ ಈ ಗೆರೆಯ ಎರಡೂ ಕಡೆ ಕಾಲಿಟ್ಟು ನಿಂತಿದೆ.

ತುಂಗಾತೀರ
ಇದು ಗೊತ್ತಿರಲಿಲ್ಲ. ಹಾಗಾದರೆ ಸಿಸ್ಟಮ್ ಸರಿ ಇದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ ಮೇಡಂ?

ಶರಾವತಿ_ಎಸ್
ಸಾಲು ಬಿಡಿ, ಎಣಿಕೆ ನೋಡಿ. ಕೊನೆಯ 100 ಲೈವ್ ಟ್ರೇಡ್ ತೆಗೆದುಕೊಳ್ಳಿ. 45ರ ಸಿಸ್ಟಮ್ ಆದರೆ ಸಾಮಾನ್ಯವಾಗಿ 40ರಿಂದ 50 ಗೆಲುವು ಇರಬೇಕು. 35ಕ್ಕಿಂತ ಕಡಿಮೆ ಇದ್ದರೆ ಆಗ ಅನುಮಾನಕ್ಕೆ ಬಲ ಬಂತು. ಇನ್ನೊಂದು, ಸೋಲಿನ ಗಾತ್ರ ನೋಡಿ. ಅದನ್ನು ತಿಳಿಯೋಕೆ ನೂರು ಟ್ರೇಡ್ ಬೇಕಾಗಿಲ್ಲ. ಈ ಒಂಬತ್ತೇ ಸಾಕು. ಕಾಂಟ್ರಾಕ್ಟ್ ನೋಟ್ ನೋಡಿ ಹೇಳಿ, ಅಕೌಂಟ್‌ನಿಂದ ನಿಜವಾಗಿ ಎಷ್ಟು ಹೋಗಿದೆ? ಒಂಬತ್ತು ಸಲ ಒಂಬತ್ತು ಸಾವಿರ, 81,000 ತಾನೇ?

ತುಂಗಾತೀರ
ಈಗ ನೋಡಿದೆ. 92,000 ಹತ್ತಿರ ಹೋಗಿದೆ. ಉಳಿದಿರುವುದು 2.08 ಲಕ್ಷ.

ಶರಾವತಿ_ಎಸ್
ಸಿಕ್ಕಿತು ನೋಡಿ. ಒಂದು ಸೋಲಿಗೆ 9,000 ಅಲ್ಲ, 10,200 ಹೋಗುತ್ತಿದೆ. ಸ್ಟಾಪ್ ಹೊಡೆಯುವಾಗ ಕೆಲವು ಪಾಯಿಂಟ್ ಕೆಳಗೆ ಮಾರಾಟವಾಗುತ್ತೆ, ಅದೇ ಸ್ಲಿಪೇಜ್, ಮೇಲೆ ಬ್ರೋಕರೇಜ್, ಎಸ್‌ಟಿಟಿ, ಜಿಎಸ್‌ಟಿ. ಬ್ಯಾಕ್‌ಟೆಸ್ಟ್‌ನಲ್ಲಿ ಇದು ಯಾವುದೂ ಇರಲಿಲ್ಲ ಅಲ್ವಾ?

ನಿಮ್ಮ ಮೊದಲಿನ ಲೆಕ್ಕದಲ್ಲಿ ಪ್ರತಿ ಟ್ರೇಡ್‌ಗೆ ಸರಾಸರಿ 1,530 ಉಳಿಯಬೇಕಿತ್ತು. ಗೆಲುವು 14,400 ಅಂತಲೇ ಇಟ್ಟುಕೊಂಡು ಸೋಲನ್ನು 10,200 ಮಾಡಿ. 870ಕ್ಕೆ ಇಳಿಯುತ್ತೆ. ಗೆಲ್ಲುವ ಟ್ರೇಡ್‌ನಲ್ಲೂ ಖರ್ಚು ಇದೆ, ಅದನ್ನು ಕಳೆದರೆ ಇನ್ನೂ ಕಡಿಮೆ. ಸಾಲು ನಿಮ್ಮ ಗಮನ ಸೆಳೆಯಿತು, ಆದರೆ ನಿಜವಾದ ರೋಗ ಇಲ್ಲಿರಬಹುದು.

ಬೆಣ್ಣೆದೋಸೆ
ಸುಮ್ನೆ ತಲೆ ಕೆಡಿಸ್ಕೋಬೇಡಿ. ಸೋತಾಗ ಡಬಲ್ ಮಾಡಿ. ಒಂದು ಗೆದ್ದರೆ ಎಲ್ಲಾ ವಾಪಸ್.

ಕೋಡ್‌ಕಾಫಿ
ಸಾವಿರ ರೂಪಾಯಿಂದ ಶುರು ಮಾಡಿ ಒಂಬತ್ತು ಸಲ ಡಬಲ್ ಮಾಡುತ್ತಾ ಸೋತರೆ ಒಟ್ಟು 5,11,000 ಹೋಗುತ್ತದೆ. ಹತ್ತನೇ ಟ್ರೇಡ್‌ಗೆ 5,12,000 ಬೇಕು. ಮೂರು ಲಕ್ಷದವರು ಅಷ್ಟೊತ್ತಿಗೆ ಇಲ್ಲಿ ಇರುತ್ತಾರಾ?

ಬೆಣ್ಣೆದೋಸೆ
ಒಂಬತ್ತು ಸಲ ಯಾರು ಸೋಲ್ತಾರೆ ಗುರು

ಕೋಡ್‌ಕಾಫಿ
ಥ್ರೆಡ್ ಟೈಟಲ್ ಓದಿ.

ಕಾಮರ್ಸ್ ಮೇಷ್ಟ್ರು
ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನ ಯಾರೂ ಓದಿಲ್ಲವೇ? ಮೂರು ವರ್ಷಗಳಲ್ಲಿ ಎಫ್‌ಅಂಡ್‌ಒ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟದಲ್ಲಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಇಷ್ಟಾದ ಮೇಲೂ ಎಷ್ಟು ಲಾಟ್ ಅಂತ ಕೇಳುತ್ತೀರಿ. ಸೊನ್ನೆ ಲಾಟ್.

ಶರಾವತಿ_ಎಸ್
ಮೇಷ್ಟ್ರೇ, ಆ ಅಂಕಿ ನಿಜ, ನಾನೂ ಅಲ್ಲಗಳೆಯಲ್ಲ. ಆದರೆ ಸೈಜ್ ಲೆಕ್ಕ ಗೊತ್ತಿಲ್ಲದೆ ಆ 93ರಲ್ಲಿ ಸೇರಿದವರೂ ಇದ್ದಾರೆ. ಕೇಳಿದ್ದಕ್ಕೆ ಉತ್ತರ ಕೊಡೋಣ.

ಹಳೇಮರ
ಸೈಜ್ ವಿಷಯಕ್ಕೆ ಬರೋಣ. ಉಳಿದ ಕ್ಯಾಪಿಟಲ್‌ನ ಇಷ್ಟು ಭಾಗ ಅಂತ ರಿಸ್ಕ್ ತಗೊಂಡರೆ ಒಂಬತ್ತು ಸೋಲಿನ ನಂತರ ಏನಾಗುತ್ತದೆ ನೋಡಿ. 1 ಪರ್ಸೆಂಟ್ ಆದರೆ ಒಟ್ಟು 8.6 ಹೋಗುತ್ತದೆ. 2 ಆದರೆ 16.6. 5 ಆದರೆ 37. 10 ಆದರೆ 61. ಇದೇ ಸಿಸ್ಟಮ್, ಇದೇ ಒಂಬತ್ತು ಸೋಲು. ಒಬ್ಬ ಬೇಜಾರು ಮಾಡಿಕೊಂಡು ಮರುದಿನ ಬರುತ್ತಾನೆ, ಇನ್ನೊಬ್ಬ ಅಕೌಂಟ್ ಮುಚ್ಚುತ್ತಾನೆ.

ಗಮನಿಸಬೇಕಾದ್ದು ಇನ್ನೊಂದಿದೆ. ತುಂಗಾತೀರ ಅವರು 3 ಪರ್ಸೆಂಟ್ ಅಂದರು, ಆದರೆ ಅವರು 3ರಲ್ಲಿ ನಿಂತಿಲ್ಲ. ಕ್ಯಾಪಿಟಲ್ ಇಳಿದರೂ ಎರಡು ಲಾಟ್ ಹಾಗೇ ಇಟ್ಟಿದ್ದಾರೆ. ಈಗ 2.08 ಲಕ್ಷದ ಮೇಲೆ 10,200 ಅಂದರೆ 4.9 ಪರ್ಸೆಂಟ್. ಸೋಲುತ್ತಾ ಹೋದಂತೆ ರಿಸ್ಕ್ ತಾನಾಗಿಯೇ ಏರಿದೆ. ಮೊದಲಿನ ಜಾಗಕ್ಕೆ ವಾಪಸ್ ಬರಲು ಈಗ ಉಳಿದಿರುವುದರ ಮೇಲೆ 44 ಪರ್ಸೆಂಟ್ ಗಳಿಸಬೇಕು.

ಗಣಿತಪ್ರಿಯ
ಹಾಗಾದರೆ ನೇರ ಸೂತ್ರ ಇದೆಯಲ್ಲ. 1,000 ಟ್ರೇಡ್‌ನಲ್ಲಿ 15 ಸತತ ಸೋಲು ಬರುವ ಸಾಧ್ಯತೆ ಹಾಕಿದೆ, 5.5 ಪರ್ಸೆಂಟ್. ಅಷ್ಟು ರಿಸ್ಕ್ ಓಕೆ. ಆ 15ರ ಸಾಲಿನಲ್ಲಿ 25 ಪರ್ಸೆಂಟ್‌ಗಿಂತ ಜಾಸ್ತಿ ಹೋಗಬಾರದು ಅಂದುಕೊಂಡರೆ ಪ್ರತಿ ಟ್ರೇಡ್‌ಗೆ 1.9 ಪರ್ಸೆಂಟ್. ಮುಗಿಯಿತು. 2 ಪರ್ಸೆಂಟ್ ನಿಯಮ ಸರಿಯಾಗೇ ಇದೆ.

ಹಳೇಮರ
ಬಹಳ ಜನ ನಿಲ್ಲುವುದು ಇಲ್ಲೇ. 15ರ ಸಾಲಿಗೆ ಲೆಕ್ಕ ಸರಿ. ಆದರೆ ಅಕೌಂಟ್‌ಗೆ ಅತಿ ದೊಡ್ಡ ಗುಂಡಿ ಬೀಳುವುದು ಸಾಮಾನ್ಯವಾಗಿ ಶುದ್ಧ ಸಾಲಿನಿಂದ ಅಲ್ಲ. ಒಂಬತ್ತು ಸೋಲು, ಒಂದು ಗೆಲುವು, ಐದು ಸೋಲು, ಒಂದು ಗೆಲುವು, ನಾಲ್ಕು ಸೋಲು. ಇಲ್ಲಿ ಉದ್ದದ ಸಾಲು ಬರೀ ಒಂಬತ್ತು. ಆದರೆ ಒಟ್ಟು 18 ಸೋಲು, ಎರಡು ಗೆಲುವಿನಿಂದ ವಾಪಸ್ ಬಂದಿದ್ದು 3.2. ಒಂದು ಟ್ರೇಡ್‌ನ ರಿಸ್ಕ್‌ನ 14.8 ಪಟ್ಟು ಕೆಳಗಿದ್ದೀರಿ. ನಡುವೆ ಬಂದ ಒಂದೊಂದು ಗೆಲುವು "ಸಾಲು ಮುರಿಯಿತು" ಅಂತ ಸಮಾಧಾನ ಕೊಡುತ್ತದೆ, ಗುಂಡಿ ಮಾತ್ರ ಆಳ ಆಗುತ್ತಲೇ ಇರುತ್ತದೆ.

ಇವರ ಮೂಲ ಸಂಖ್ಯೆಗಳನ್ನೇ ಹಿಡಿದರೆ, 45 ಗೆಲುವು, 1.6 ಪಟ್ಟು, 1,000 ಟ್ರೇಡ್‌ನಲ್ಲಿ ಉದ್ದದ ಸಾಲು ಸಾಮಾನ್ಯವಾಗಿ 10ರ ಆಸುಪಾಸು. ಆದರೆ ಅತಿ ದೊಡ್ಡ ಗುಂಡಿ, ಅಂದರೆ ಡ್ರಾಡೌನ್, ಒಂದು ಟ್ರೇಡ್‌ನ ರಿಸ್ಕ್‌ನ 20 ಪಟ್ಟಿನ ಆಸುಪಾಸು. ದುರದೃಷ್ಟ ಇದ್ದರೆ 30ರ ಹತ್ತಿರ. ಸೈಜ್ ಮಾಡಬೇಕಾದ್ದು ಈ 30ಕ್ಕೆ. 30 ಪರ್ಸೆಂಟ್ ಕಳೆದುಕೊಂಡರೂ ತಡೆಯುತ್ತೇನೆ ಅನ್ನುವವರಿಗೆ ಪ್ರತಿ ಟ್ರೇಡ್‌ಗೆ 1 ಪರ್ಸೆಂಟ್, ಬಹಳ ಅಂದರೆ 1.2. ಖರ್ಚು ಸೇರಿಸಿದ ಮೇಲೆ ಉಳಿಕೆ ಇನ್ನೂ ಕಡಿಮೆ, ಆದ್ದರಿಂದ ಗುಂಡಿ ಇನ್ನೂ ಆಳ.

ಕೋಡ್‌ಕಾಫಿ
ಇದನ್ನು ನಾನೂ ಓಡಿಸಿ ನೋಡಿದೆ. 20 ಅನ್ನೋದು ಸರಿಯಾಗೇ ಬರುತ್ತಿದೆ. 3 ಪರ್ಸೆಂಟ್ ರಿಸ್ಕ್‌ನಲ್ಲಿ ಅದು ಅರ್ಧದ ಹತ್ತಿರ ಕ್ಯಾಪಿಟಲ್. "ಸೇಫ್" ಅಂತ ಹೇಳಿದ್ದು ಯಾರು ತುಂಗಾತೀರ ಅವರೇ?

ತುಂಗಾತೀರ
ಒಂದು ವೆಬಿನಾರ್‌ನಲ್ಲಿ. ಫೀಸ್ ಕೇಳಬೇಡಿ.

ಕೆಲ್ಲಿ ಅಭಿಮಾನಿ
ಯಾಕೆ ಎಲ್ಲರೂ ಇಷ್ಟು ಹೆದರುತ್ತೀರಿ? ಕೆಲ್ಲಿ ಸೂತ್ರ ಹಾಕಿ. 0.45 × 1.6 ರಿಂದ 0.55 ಕಳೆದರೆ 0.17. ಅದನ್ನು 1.6ರಿಂದ ಭಾಗಿಸಿ. 10.6 ಪರ್ಸೆಂಟ್. ದೀರ್ಘಕಾಲದಲ್ಲಿ ದುಡ್ಡು ಅತಿ ವೇಗವಾಗಿ ಬೆಳೆಯುವ ಸೈಜ್ ಇದೇ. 1956ರಲ್ಲೇ ಬೆಲ್ ಲ್ಯಾಬ್ಸ್‌ನ ಕೆಲ್ಲಿ ತೋರಿಸಿಕೊಟ್ಟಿದ್ದು. 1 ಪರ್ಸೆಂಟ್ ಹಾಕಿದರೆ ಬೆಳೆಯುವುದು ಯಾವಾಗ?

ಶರಾವತಿ_ಎಸ್
ಸೂತ್ರ ಸರಿ. 10.6ರಲ್ಲಿ ಈ ಒಂಬತ್ತು ಸೋಲು ಬಂದಿದ್ದರೆ 63 ಪರ್ಸೆಂಟ್ ಹೋಗಿರುತ್ತಿತ್ತು, ಅದು ಒಂದು ಕಡೆ ಇರಲಿ. ದೊಡ್ಡ ತೊಂದರೆ ಬೇರೆ ಇದೆ. ಕೆಲ್ಲಿಗೆ ನಿಜವಾದ ಗೆಲುವಿನ ಪ್ರಮಾಣ ಗೊತ್ತಿರಬೇಕು. ನಮಗೆ ಗೊತ್ತಿರೋದು 36ರಿಂದ 54 ಅಂತ. 45ರ ಬದಲು 40 ಹಾಕಿ ನೋಡಿ, ಕೆಲ್ಲಿ 10.6ರಿಂದ 2.5ಕ್ಕೆ ಬೀಳುತ್ತೆ. 38 ಹಾಕಿದರೆ ಸೊನ್ನೆಗಿಂತ ಕೆಳಗೆ, ಆಡಲೇಬೇಡ ಅನ್ನುತ್ತೆ. ಅಂದರೆ ನಿಜವಾದ ಗೆಲುವು 40 ಆಗಿದ್ದರೆ ತುಂಗಾತೀರ ಅವರ 3 ಪರ್ಸೆಂಟೇ ಕೆಲ್ಲಿಗಿಂತ ಜಾಸ್ತಿ. ನೀವು ಹೇಳುವ 10.6 ಅದರ ನಾಲ್ಕು ಪಟ್ಟು. ಕೆಲ್ಲಿಯ ಎರಡು ಪಟ್ಟು ದಾಟಿದರೆ ಲಾಭದ ಸಿಸ್ಟಮ್‌ನಲ್ಲೂ ದುಡ್ಡು ಕರಗುತ್ತೆ, ಅದೂ ಅದೇ ಲೆಕ್ಕದಿಂದ ಬರುವ ಮಾತು.

ಕೆಲ್ಲಿ ಅಭಿಮಾನಿ
ಅದಕ್ಕೇ ಅರ್ಧ ಕೆಲ್ಲಿ, ಕಾಲು ಕೆಲ್ಲಿ ಅಂತ ಇರೋದು. ಕಾಲು ಅಂದರೆ 2.6.

ಶರಾವತಿ_ಎಸ್
ಅದೂ 45ರ ಕಾಲು. 40 ಆಗಿದ್ದರೆ ನಿಮ್ಮ ಕಾಲು ಕೆಲ್ಲಿ ಪೂರ್ತಿ ಕೆಲ್ಲಿ ಆಗಿಬಿಡುತ್ತೆ.

ಕೆಲ್ಲಿ ಅಭಿಮಾನಿ
1ಕ್ಕೂ 2.6ಕ್ಕೂ ನಡುವೆ ಎಲ್ಲೋ ಇದೆ ಅಂತ ಒಪ್ಪುತ್ತೇನೆ, 1ಕ್ಕೆ ಮಾತ್ರ ಒಪ್ಪಲ್ಲ.

ಘಟ್ಟದಾಚೆ
ಒಂದು ಮಾತು ಯಾರೂ ಎತ್ತಲಿಲ್ಲ. ಈ ಎಲ್ಲ ಲೆಕ್ಕವೂ ಪ್ರತಿ ಟ್ರೇಡ್ ಹಿಂದಿನದಕ್ಕೆ ಸಂಬಂಧ ಇಲ್ಲದ್ದು ಅಂತ ಹಿಡಿದು ಮಾಡಿದ್ದು. ಮಾರುಕಟ್ಟೆ ಹಾಗಿರಲ್ಲ. ನಾನು ಬ್ರೇಕ್‌ಔಟ್ ಮಾಡುತ್ತೇನೆ. ನಿಫ್ಟಿ ಒಂದು ರೇಂಜ್‌ನಲ್ಲಿ ವಾರಗಟ್ಟಲೆ ಸಿಕ್ಕಿಕೊಂಡರೆ ನನ್ನ ಸೋಲುಗಳೆಲ್ಲ ಅದೇ ವಾರಗಳಲ್ಲಿ ಗುಂಪಾಗಿ ಬರುತ್ತವೆ. ಟ್ರೆಂಡ್ ಶುರುವಾದರೆ ಗೆಲುವೂ ಗುಂಪಾಗಿಯೇ ಬರುತ್ತವೆ. ವರ್ಷದ ಕೊನೆಗೆ ನೋಡಿದರೆ ಅದೇ 45.

ಹಳೇಮರ
ಸರಿಯಾದ ಮಾತು. ಎಷ್ಟು ವ್ಯತ್ಯಾಸ ಅಂತ ಹಾಕಿ ನೋಡಿದೆ. ಒಟ್ಟು ಗೆಲುವು 45 ಪರ್ಸೆಂಟೇ ಇರಲಿ. ಆದರೆ ಒಂದು ಸೋಲಿನ ನಂತರ ಮತ್ತೆ ಸೋಲುವ ಸಾಧ್ಯತೆ 55ರ ಬದಲು 62 ಇರಲಿ. ಇಷ್ಟೇ ಬದಲಾವಣೆಗೆ, 200 ಟ್ರೇಡ್‌ನಲ್ಲಿ ಒಂಬತ್ತರ ಸಾಲು ಬರುವ ಸಾಧ್ಯತೆ 33ರಿಂದ 60ರ ಆಸುಪಾಸಿಗೆ ಏರುತ್ತದೆ.

ನಿಮ್ಮದರಲ್ಲಿ ಇದು ಇದೆಯಾ ಅಂತ ನೋಡುವುದು ಕಷ್ಟವಲ್ಲ. ಟ್ರೇಡ್ ಹಾಳೆಯಲ್ಲಿ ಸೋಲಿನ ನಂತರದ ಟ್ರೇಡ್‌ಗಳನ್ನು ಮಾತ್ರ ಆರಿಸಿ, ಅದರಲ್ಲಿ ಎಷ್ಟು ಸೋತಿವೆ ಎಣಿಸಿ. ಗೆಲುವಿನ ನಂತರದ್ದನ್ನೂ ಎಣಿಸಿ. ಎರಡೂ ಹತ್ತಿರ ಇದ್ದರೆ ಸರಿ. ದೂರ ಇದ್ದರೆ ಮೇಲಿನ ಲೆಕ್ಕಗಳೆಲ್ಲ ನಿಮ್ಮ ಪಾಲಿಗೆ ಕಡಿಮೆಯೇ ಹೇಳುತ್ತಿವೆ. ಟ್ರೇಡ್ ಸಂಖ್ಯೆ ಕಡಿಮೆ ಇದ್ದರೆ ಇದೂ ಅಲುಗಾಡುತ್ತದೆ, ಅದು ನೆನಪಿರಲಿ.

ಘಟ್ಟದಾಚೆ
ಅದಕ್ಕೇ ನಾನು ಸತತ ನಾಲ್ಕು ಸೋಲು ಬಂದರೆ ಒಂದು ವಾರ ಕೈಕಟ್ಟಿ ಕೂರುತ್ತೇನೆ.

ಗಣಿತಪ್ರಿಯ
ಟ್ರೇಡ್‌ಗಳಿಗೆ ಸಂಬಂಧ ಇಲ್ಲದಿದ್ದರೆ ಕೂತು ಏನು ಪ್ರಯೋಜನ? ಐದನೇ ಟ್ರೇಡ್ ಇವತ್ತು ಮಾಡಿದರೂ ಅದೇ 45, ಮುಂದಿನ ವಾರ ಮಾಡಿದರೂ ಅದೇ 45.

ಘಟ್ಟದಾಚೆ
ಸಂಬಂಧ ಇದೆ ಅಂತಲೇ ನಾನು ಹೇಳುತ್ತಿರುವುದು.

ಹಳೇಮರ
ಸಂಬಂಧ ಇದ್ದರೂ ಒಂದು ವಾರದಲ್ಲಿ ರೇಂಜ್ ಮುಗಿಯುತ್ತದೆ ಅಂತ ಯಾರು ಹೇಳಿದರು? ಕೂತ ವಾರದಲ್ಲೇ ದೊಡ್ಡ ಟ್ರೆಂಡ್ ಶುರುವಾದರೆ ವರ್ಷದ ಲಾಭ ಅಲ್ಲೇ ಹೋಯಿತು. ನಿಲ್ಲಿಸುವ ಬದಲು ಸೈಜ್ ಅರ್ಧ ಮಾಡಿ ಅಂತ ನಾನು ಹೇಳುತ್ತೇನೆ.

ಘಟ್ಟದಾಚೆ
ಅರ್ಧ ಮಾಡೋಕೆ ಎರಡು ಲಾಟ್ ಆದರೂ ಇರಬೇಕಲ್ಲ ಸರ್. ನನ್ನದು ಒಂದೇ ಲಾಟ್.

ತುಂಗಾತೀರ
ನನ್ನ ಸಮಸ್ಯೆಯೂ ಅದೇ. 1 ಪರ್ಸೆಂಟ್ ಅಂದಿರಿ. ಈಗಿರುವ 2.08 ಲಕ್ಷಕ್ಕೆ 2,080 ರೂಪಾಯಿ. ಒಂದು ಲಾಟ್‌ಗೆ ಖರ್ಚು ಸೇರಿ 5,100 ಹೋಗುತ್ತದೆ. ಅರ್ಧ ಲಾಟ್ ಕೊಡಲ್ಲ. ಹಾಗಾದರೆ ಏನು ಮಾಡೋದು? ಸ್ಟಾಪ್ ಲಾಸ್ ಹತ್ತಿರ ತಂದರೆ ಆಗುತ್ತಾ?

ಶರಾವತಿ_ಎಸ್
ಸ್ಟಾಪ್ ಹತ್ತಿರ ತಂದರೆ ಗೆಲುವಿನ ಪ್ರಮಾಣವೇ ಬೇರೆ ಆಗುತ್ತೆ. ಈಗ ಗೆಲ್ಲುತ್ತಿರುವ ಕೆಲವು ಟ್ರೇಡ್ ಮೊದಲೇ ಸ್ಟಾಪ್ ಹೊಡೆಸಿಕೊಂಡು ಹೊರಗೆ ಬರುತ್ತವೆ. 45 ಹೋಗಿ 35 ಆಗಬಹುದು. ಸ್ಲಿಪೇಜ್ ಅಷ್ಟೇ ಇರುತ್ತೆ, ಸಣ್ಣ ಸ್ಟಾಪ್‌ಗೆ ಅದು ಇನ್ನೂ ದೊಡ್ಡ ಪಾಲು. ಅದು ಹೊಸ ಸಿಸ್ಟಮ್, ಹೊಸ ಬ್ಯಾಕ್‌ಟೆಸ್ಟ್ ಬೇಕು.

ಸೆಬಿ 2024ರ ನವೆಂಬರ್‌ನಿಂದ ಇಂಡೆಕ್ಸ್ ಕಾಂಟ್ರಾಕ್ಟ್‌ನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿದ ಮೇಲೆ ಸಣ್ಣ ಅಕೌಂಟ್‌ಗಳಿಗೆ ಇದೇ ಗೋಳು. ನಿಮ್ಮ ಸಿಸ್ಟಮ್‌ಗೆ ಒಂದು ಲಾಟ್ 1 ಪರ್ಸೆಂಟ್ ಆಗಬೇಕಾದರೆ 5.1 ಲಕ್ಷ ಬೇಕು. 1.5ಕ್ಕೆ ಒಪ್ಪಿದರೂ 3.4 ಲಕ್ಷ. ನಿಮ್ಮ ಹತ್ತಿರ 2.08 ಇದೆ. ಒಂದೇ ಲಾಟ್ ಮಾಡಿದರೂ 2.45 ಪರ್ಸೆಂಟ್.

ಬೇರೆ ದಾರಿ ಅಂದರೆ, ಕೊಂಡ ಆಪ್ಷನ್ ಜೊತೆಗೆ ಇನ್ನೊಂದು ದೂರದ ಸ್ಟ್ರೈಕ್ ಮಾರಿ ಸ್ಪ್ರೆಡ್ ಮಾಡಬಹುದು. ಲಾಟ್‌ಗೆ ಹೋಗುವ ದುಡ್ಡು ಕಡಿಮೆ ಆಗುತ್ತೆ, ಆದರೆ ಮೇಲಿನ ಲಾಭಕ್ಕೂ ಮಿತಿ ಬೀಳುತ್ತೆ, 1.6 ಪಟ್ಟು ಉಳಿಯಲ್ಲ. ಇಲ್ಲ ಅಂದರೆ ಅದೇ ಸೆಟಪ್ ಅನ್ನು ನಿಫ್ಟಿ ಇಟಿಎಫ್‌ನಲ್ಲಿ ಸಣ್ಣದಾಗಿ ಮಾಡಿ. ಅಲ್ಲಿ ಹತ್ತು ಯೂನಿಟ್ ಬೇಕಿದ್ದರೆ ಹತ್ತೇ ತಗೊಳ್ಳಬಹುದು. ಬರುವ ದುಡ್ಡು ಕಡಿಮೆ, ಆದರೆ 100 ಲೈವ್ ಟ್ರೇಡ್‌ನ ಲೆಕ್ಕ ಅಗ್ಗದಲ್ಲಿ ಸಿಗುತ್ತೆ.

ಕೋಡ್‌ಕಾಫಿ
ಇಟಿಎಫ್‌ನಲ್ಲಿ ಇಂಟ್ರಾಡೇ ಮಾಡಿದರೆ ಆಪ್ಷನ್‌ನ 1.6 ಪಟ್ಟು ಹಾಗೇ ಬರುತ್ತಾ? ಪ್ರೀಮಿಯಂ ಓಡುವ ರೀತಿಯೇ ಬೇರೆ ಅಲ್ವಾ ಮೇಡಂ.

ಶರಾವತಿ_ಎಸ್
ಬರಲ್ಲ. ಎಂಟ್ರಿ ದಿಕ್ಕು ಸರಿ ಇದೆಯಾ ಅನ್ನೋದು ಮಾತ್ರ ಗೊತ್ತಾಗುತ್ತೆ. ಪೂರ್ತಿ ಉತ್ತರ ಅಲ್ಲ ಅಂತ ಒಪ್ಪುತ್ತೇನೆ.

ಬೆಣ್ಣೆದೋಸೆ
ಇನ್ನೂ 3 ಲಕ್ಷ ಹಾಕಿಬಿಟ್ಟರೆ 5.1 ಆಯ್ತಲ್ಲ, ಸಿಂಪಲ್

ಕಾಮರ್ಸ್ ಮೇಷ್ಟ್ರು
ಇದನ್ನೇ ನಾನು ಹೇಳಿದ್ದು. ಲೆಕ್ಕ ಎಲ್ಲಾ ಮುಗಿದ ಮೇಲೆ ಬರುವ ಉತ್ತರ "ಇನ್ನೂ ದುಡ್ಡು ಹಾಕಿ".

ಹಳೇಮರ
ಅಲ್ಲ ಮೇಷ್ಟ್ರೇ, ಈ ಸಲ ನಿಮ್ಮ ಸೊನ್ನೆ ಲಾಟ್‌ಗೆ ನನ್ನದೂ ಓಟು, ಸದ್ಯಕ್ಕೆ. ಖರ್ಚು ಸೇರಿಸಿ ಬ್ಯಾಕ್‌ಟೆಸ್ಟ್ ಮತ್ತೆ ಆಗಬೇಕು. 120 ಸಾಲದು, 400 ಆದರೂ ಇರಲಿ. ಅದರಲ್ಲಿ ಬೇರೆ ಬೇರೆ ರೀತಿಯ ವರ್ಷಗಳು ಬರಬೇಕು. 400ರಲ್ಲಿ ಆ 9ರ ಅಂತರ 5ಕ್ಕೆ ಇಳಿಯುತ್ತದೆ. ಆಗಲೂ 45 ನಿಂತರೆ ಕೆಳಗಿನ ತುದಿ 40. ಅಲ್ಲಿಂದ ಲಾಟ್ ಮಾತಾಡೋಣ.

ಕೆಲ್ಲಿ ಅಭಿಮಾನಿ
ಖರ್ಚು ಸೇರಿಸಿದರೆ ಲಾಭದ ಗೆರೆ 38.5ರಿಂದ 41ಕ್ಕೆ ಏರುತ್ತದೆ ಹಳೇಮರ ಸರ್. 10,200ನ್ನು 24,600ರಿಂದ ಭಾಗಿಸಿ ನೋಡಿ. ಕೆಳಗಿನ ತುದಿ 40 ಅಂದರೆ ಆಗಲೂ ಗೆರೆ ಕೆಳಗೇ. ನಿಮ್ಮ ಲೆಕ್ಕದಲ್ಲಿ ಯಾರೂ ಯಾವತ್ತೂ ಟ್ರೇಡ್ ಮಾಡೋ ಹಾಗಿಲ್ಲ.

ಹಳೇಮರ
41.5. ಹೌದು, ಅದು ಸರಿಯಾಗೇ ಹೇಳಿದಿರಿ. ಈ ಸಿಸ್ಟಮ್‌ಗೆ ಖರ್ಚು ತಗ್ಗಿಸದೆ ಸೈಜ್ ಲೆಕ್ಕ ಹಾಕುವುದರಲ್ಲಿ ಅರ್ಥ ಇಲ್ಲ ಅನ್ನಿಸುತ್ತಿದೆ.

ತುಂಗಾತೀರ
ಸ್ಲಿಪೇಜ್ ಜಾಸ್ತಿ ಆಗುತ್ತಿರುವುದು ಎಕ್ಸ್‌ಪೈರಿ ದಿನಗಳಲ್ಲಿ ಅಂತ ಕಾಣುತ್ತಿದೆ. ಸ್ಟಾಪ್ ಬೆಲೆ ಮುಟ್ಟಿದಾಗ ನಾನೇ ಮಾರ್ಕೆಟ್ ಆರ್ಡರ್ ಹಾಕಿ ಮಾರುತ್ತಿದ್ದೆ. ಲಿಮಿಟ್ ಇಟ್ಟರೆ ಹೇಗೆ? ಎಷ್ಟು ಪಾಯಿಂಟ್ ಅಂತರ ಇಡಬೇಕು?

ಘಟ್ಟದಾಚೆ
ಲಿಮಿಟ್ ಇಟ್ಟು ಬೆಲೆ ಹಾರಿ ಹೋದರೆ ಆರ್ಡರ್ ಹಾಗೇ ನಿಂತಿರುತ್ತದೆ, ಪೊಸಿಷನ್ ಇಳಿಯುತ್ತಾ ಹೋಗುತ್ತದೆ. ಆಗ 10,200 ಅಲ್ಲ, ಒಂದೇ ಟ್ರೇಡ್‌ನಲ್ಲಿ ಮೂರು ಸ್ಟಾಪ್‌ನಷ್ಟು ಹೋಗಬಹುದು. ಎಕ್ಸ್‌ಪೈರಿ ದಿನ ಬಿಟ್ಟು ಉಳಿದ ದಿನಗಳ ಗೆಲುವು-ಸೋಲು ಬೇರೆ ಮಾಡಿ ಇಲ್ಲಿ ಹಾಕಿ, ನೋಡೋಣ.

ಪೆವಿಲಿಯನ್ ಪಾಪಣ್ಣ
ಹಾಗೇ ಎಡಗೈಯದ್ದು ಬೇರೆ, ಬಲಗೈಯದ್ದು ಬೇರೆ ಮಾಡಿ.